ಒಂದು ಗಂಟೆ ನೋಡಲು ಎಷ್ಟು ಕೊಡುತ್ತಿದ್ದೀರಿ? ಬಿಗಿ ಬಜೆಟ್ಟಿನ ವಿದ್ಯಾರ್ಥಿಗೆ ಸ್ಟ್ರೀಮಿಂಗ್ ಚಂದಾಗಳ ಲೆಕ್ಕ

ತಿಂಗಳ ಚಂದಾವನ್ನು ನೋಡಿದ ಗಂಟೆಗಳಿಂದ ಭಾಗಿಸಿದರೆ ಗಂಟೆಯ ಬೆಲೆ ಸಿಗುತ್ತದೆ. ಲೆಕ್ಕ ಅಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ತೊಡಕಿರುವುದು ಭಾಗಾಕಾರದಲ್ಲಿ ಅಲ್ಲ, ಅದಕ್ಕೆ ಹಾಕುವ ಎರಡು ಅಂಕಿಗಳಲ್ಲಿ. ನಿದ್ದೆಗೆ ಜಾರಿದ ಮೇಲೂ ಓಡುತ್ತಿದ್ದ ಮೂರು ಕಂತುಗಳನ್ನು ಗಂಟೆಗಳಲ್ಲಿ ಸೇರಿಸಿದರೆ ದುಬಾರಿ ಸೇವೆ ಅಗ್ಗವಾಗಿ ಕಾಣುತ್ತದೆ. ಮೂರು ತಿಂಗಳ ಸರಾಸರಿ ತೆಗೆದರೆ, ಒಂದೇ ತಿಂಗಳಲ್ಲಿ ಕೆಲಸಕ್ಕೆ ಬಂದು ಉಳಿದೆರಡು ತಿಂಗಳು ಸುಮ್ಮನೆ ಹಣ ನುಂಗಿದ ಸೇವೆಯೂ ಮರ್ಯಾದಸ್ಥನಂತೆ ಕುಳಿತಿರುತ್ತದೆ.

ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ಸೇವೆಯನ್ನು ತೂಗುವುದಿಲ್ಲ. ಒಂದು ಸೇವೆಯ ಒಂದು ತಿಂಗಳನ್ನು ಒಂದು ಖರೀದಿ ಎಂದು ಹಿಡಿದು, ಆ ಖರೀದಿಗಳನ್ನು ಒಂದೊಂದಾಗಿ ತೂಗುತ್ತೇವೆ. ಬೆಲೆಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಿದ್ದೇನೆ. ಮುಂದೆ ನಿಮ್ಮ ನಾಣ್ಯದ ಹೆಸರನ್ನು ಸೇರಿಸಿಕೊಳ್ಳಿ.

ಉದಾಹರಣೆಗೆ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ಮೂರು ಚಂದಾಗಳಿವೆ. ಕ ಎಂಬುದು ದೊಡ್ಡ ಸೇವೆ, ಜಾಹೀರಾತಿಲ್ಲದ ಪ್ಲಾನಿಗೆ ತಿಂಗಳಿಗೆ 200. ಚ ಸೇವೆಗೆ ವರ್ಷದ ಚಂದಾ 960 ಅನ್ನು ಒಟ್ಟಿಗೇ ಕಟ್ಟಿದ್ದಾಳೆ, ಅಂದರೆ ತಿಂಗಳಿಗೆ 80 ಬಿದ್ದಂತೆ. ಟ ಚಿಕ್ಕ ಸೇವೆ, ತಿಂಗಳಿಗೆ 120. ಮೂರು ತಿಂಗಳಿಗೆ ಒಟ್ಟು ಖರ್ಚು 600, 240 ಮತ್ತು 360, ಕೂಡಿದರೆ 1200.

ಮೊದಲ ಹೆಜ್ಜೆ: ಗಂಟೆಗಳನ್ನು ನೆನಪಿನಿಂದಲ್ಲ, ದಾಖಲೆಯಿಂದ ತೆಗೆಯುವುದು

ವಾರಕ್ಕೆ ಎಷ್ಟು ನೋಡುತ್ತೀರಿ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವನ್ನು ಪಕ್ಕಕ್ಕಿಡಿ. ಕಳೆದ ಮೂರು ತಿಂಗಳ ದಾಖಲೆ ಬೇಕು. ಒಂದು ತಿಂಗಳು ಸಾಲದು, ಏಕೆಂದರೆ ಅದು ರಜೆಯದೋ ಪರೀಕ್ಷೆಯದೋ ಆಗಿರಬಹುದು.

ದಾಖಲೆ ಕೊಡುವುದರಲ್ಲಿ ಎಲ್ಲ ಸೇವೆಗಳೂ ಒಂದೇ ತೆರನಲ್ಲ. ನೆಟ್‌ಫ್ಲಿಕ್ಸ್ ಈ ವಿಷಯದಲ್ಲಿ ಧಾರಾಳಿ, ಆದರೆ ಕೇಳುವ ಜಾಗ ಗೊತ್ತಿರಬೇಕು. ಖಾತೆಯಲ್ಲಿ ಪ್ರೊಫೈಲಿನ ನೋಡಿದ ಪಟ್ಟಿಯನ್ನು ಇಳಿಸಿಕೊಂಡರೆ ಶೀರ್ಷಿಕೆ ಮತ್ತು ದಿನಾಂಕ ಮಾತ್ರ ಸಿಗುತ್ತದೆ, ಅವಧಿ ಇರುವುದಿಲ್ಲ. ಅವಧಿ ಬೇಕಿದ್ದರೆ ಬ್ರೌಸರಿನಲ್ಲಿ netflix.com/account/getmyinfo ತೆರೆದು ನಿಮ್ಮ ಸಂಪೂರ್ಣ ಮಾಹಿತಿಯನ್ನು ಕೋರಬೇಕು. ಅದು ಕೈಸೇರಲು 30 ದಿನಗಳವರೆಗೂ ಹಿಡಿಯಬಹುದು, ಆದ್ದರಿಂದ ಬೇರೆಲ್ಲದಕ್ಕಿಂತ ಮೊದಲು ಈ ಕೋರಿಕೆ ಸಲ್ಲಿಸಿ. ಬರುವ ಕಡತಗಳಲ್ಲಿ ViewingActivity.csv ಎಂಬುದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಯಾವ ಪ್ರೊಫೈಲ್, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು ಓಡಿತು, ಯಾವ ಸಾಧನದಲ್ಲಿ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ.

ಆ ಕಡತವನ್ನು ಹಾಗೆಯೇ ಕೂಡಿಸಬೇಡಿ. ಮನೆಯವರ ಪ್ರೊಫೈಲುಗಳೂ ಅದರಲ್ಲೇ ಇರುತ್ತವೆ. ಮುಖಪುಟದಲ್ಲಿ ತಾನಾಗಿ ಓಡಿದ ಟ್ರೇಲರುಗಳೂ ಒಂದೊಂದು ಸಾಲಾಗಿ ದಾಖಲಾಗಿರುತ್ತವೆ. Supplemental Video Type ಎಂಬ ಕಾಲಮ್ಮಿನಲ್ಲಿ ಏನಾದರೂ ಬರೆದಿದ್ದರೆ ಅದು ಟ್ರೇಲರ್ ಅಥವಾ ಅಂಥದೇ ತುಣುಕು, ನೀವು ಕುಳಿತು ನೋಡಿದ ಕೃತಿಯಲ್ಲ. ಸಾಲುಗಳ ಕೊನೆಯಲ್ಲಿರುವ ಖಾಲಿ ಕಾಲಮ್ಮನ್ನು ನಮ್ಮದೇ ಒಂದು ಗುರುತಿಗೆ ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಅದು K ಆಗಿರುತ್ತದೆ. ಮುಂದಿನ ಹೆಜ್ಜೆಯಲ್ಲಿ, ನಿಜವಾಗಿ ನೋಡಿದ ಸಾಲುಗಳಿಗೆ ಅಲ್ಲಿ 1 ಎಂದು ಬರೆಯುತ್ತೇವೆ. ಗುರುತು ಹಾಕಿ ಮುಗಿದ ಮೇಲೆ ಒಂದು ತಿಂಗಳ ಗಂಟೆಗಳನ್ನು ಹೀಗೆ ತೆಗೆಯಬಹುದು:

```
=SUMIFS(C:C, A:A, "P1", F:F, "", K:K, 1,
  B:B, ">="&DATE(2025,1,1), B:B, "<"&DATE(2025,2,1))*24
```

P1 ಇರುವಲ್ಲಿ ನಿಮ್ಮ ಪ್ರೊಫೈಲಿನ ಹೆಸರು, ದಿನಾಂಕಗಳ ಜಾಗದಲ್ಲಿ ನಿಮಗೆ ಬೇಕಾದ ತಿಂಗಳು. ಕೊನೆಯಲ್ಲಿ 24ರಿಂದ ಗುಣಿಸುವುದಕ್ಕೆ ಕಾರಣವಿದೆ: ಸ್ಪ್ರೆಡ್‌ಶೀಟ್ ಅವಧಿಯನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ನಮಗೆ ಬೇಕಿರುವುದು ಗಂಟೆ. ಉತ್ತರ ಸೊನ್ನೆ ಬಂದರೆ ಗಾಬರಿಯಾಗಬೇಡಿ. ಬಹುತೇಕ ಸಲ ಅವಧಿಯ ಕಾಲಂ ಅಕ್ಷರಗಳಾಗಿ ತೆರೆದುಕೊಂಡಿರುತ್ತದೆ. ಖಾಲಿ ಕಾಲಮ್ಮೊಂದರಲ್ಲಿ VALUE ಸೂತ್ರದಿಂದ ಅದನ್ನು ಅಂಕಿಯಾಗಿಸಿ, ಬಂದ ಮೌಲ್ಯಗಳನ್ನು C ಕಾಲಮ್ಮಿಗೇ ಅಂಟಿಸಿದರೆ ಸರಿಹೋಗುತ್ತದೆ. ಶುರುವಾದ ಸಮಯ ಯುಟಿಸಿಯಲ್ಲಿ ಇರುತ್ತದೆ, ನಿಮ್ಮ ಗಡಿಯಾರದಲ್ಲಲ್ಲ. ತಿಂಗಳ ಕೊನೆಯ ರಾತ್ರಿ ನೋಡಿದ ಒಂದೆರಡು ಗಂಟೆ ಆಚೀಚೆ ಆಗಬಹುದು, ಅದಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ.

ಅವಧಿಯನ್ನು ಹೀಗೆ ಬಿಡಿಬಿಡಿಯಾಗಿ ಕೊಡದ ಸೇವೆಗಳಲ್ಲಿ ನೋಡಿದ ಶೀರ್ಷಿಕೆಗಳ ಪಟ್ಟಿಯಾದರೂ ಸಾಮಾನ್ಯವಾಗಿ ಇರುತ್ತದೆ. ಆಗ ಪ್ರತಿ ಶೀರ್ಷಿಕೆಯ ಮುಂದೆ ಅದರ ಓಟದ ಅವಧಿ ಬರೆದು ಕೂಡಿಸಿ. ಅರ್ಧಕ್ಕೆ ಬಿಟ್ಟದ್ದನ್ನು ಅರ್ಧವೆಂದೇ ಬರೆಯಿರಿ. ಮೊಬೈಲಿನ ಸ್ಕ್ರೀನ್ ಟೈಮ್ ಲೆಕ್ಕವನ್ನೂ ನೋಡಬಹುದು, ಆದರೆ ಅದನ್ನು ಎರಡು ಅನುಮಾನಗಳ ಜೊತೆಗೆ ನೋಡಬೇಕು. ಏನು ನೋಡುವುದೆಂದು ಹುಡುಕುತ್ತ ಕಳೆದ ಸಮಯವೂ ಅದರಲ್ಲಿ ಸೇರಿರುತ್ತದೆ. ಲ್ಯಾಪ್‌ಟಾಪ್ ಅಥವಾ ಟಿ.ವಿ.ಯಲ್ಲಿ ನೋಡಿದ್ದು ಸೇರಿರುವುದಿಲ್ಲ. ಮೊಬೈಲಿನಲ್ಲಿ ಮಾತ್ರ ನೋಡುವವರಿಗೆ ಇದು ಒರಟು ಅಂದಾಜಾಗಿ ಸಾಕು.

ಎರಡನೆಯ ಹೆಜ್ಜೆ: ಓಡಿದ ಗಂಟೆ ಬೇರೆ, ನೋಡಿದ ಗಂಟೆ ಬೇರೆ

ನಮ್ಮ ವಿದ್ಯಾರ್ಥಿನಿಯ ಕ ಸೇವೆಯ ಕಡತದಲ್ಲಿ, ಟ್ರೇಲರುಗಳನ್ನು ಕಳೆದ ಮೇಲೆ, ಮೂರು ತಿಂಗಳಿಗೆ 78 ಗಂಟೆಗಳಿವೆ. 600 ಅನ್ನು 78ರಿಂದ ಭಾಗಿಸಿದರೆ ಗಂಟೆಗೆ 7.7. ಇಷ್ಟರಲ್ಲೇ ನಿಂತರೆ ಕ ಅಪ್ಪಟ ಅಗ್ಗದ ಸೇವೆ.

ಈಗ ಸಾಲುಗಳನ್ನು ಕಣ್ಣಿಟ್ಟು ನೋಡಿ. ಒಂದು ರಾತ್ರಿ 11:40ಕ್ಕೆ ಶುರುವಾದ ಕಂತು, ಅದು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು, ಮತ್ತೆ ಕೆಲವೇ ಸೆಕೆಂಡುಗಳಲ್ಲಿ ಮತ್ತೊಂದು. ನಡುವೆ ನೀರು ಕುಡಿಯಲು ಎದ್ದ ಗುರುತಿಲ್ಲ, ವಿರಾಮ ಒತ್ತಿದ ಗುರುತಿಲ್ಲ. ಮರುದಿನ ಸಂಜೆಯ ಸಾಲು ನೋಡಿದರೆ, ಹಿಂದಿನ ರಾತ್ರಿಯ ಎರಡನೆಯ ಕಂತೇ ಮತ್ತೆ ಶುರುವಾಗಿದೆ. ಮೊದಲ ಕಂತನ್ನು ಆಕೆ ನೋಡಿದ್ದಾಳೆ. ಉಳಿದವುಗಳನ್ನು ದಿಂಬು ನೋಡಿದೆ. ಅವಕ್ಕೆ 1 ಎಂಬ ಗುರುತು ಬೇಡ.

ಎರಡನೆಯ ಗುಂಪು ಸ್ವಲ್ಪ ಸೂಕ್ಷ್ಮ. ಈಗಾಗಲೇ ಹಲವು ಸಲ ನೋಡಿರುವ ಹಳೆಯ ಹಾಸ್ಯ ಸರಣಿ ಊಟದ ಹೊತ್ತಿನಲ್ಲಿ, ಬಟ್ಟೆ ಮಡಿಸುವಾಗ, ಟಿಪ್ಪಣಿ ಬರೆಯುವಾಗ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಇದರಿಂದ ಸುಖವಿಲ್ಲ ಎಂದು ನಾನು ಹೇಳುವುದಿಲ್ಲ, ಸುಖವಿದೆ. ಆದರೆ ಅದೇ ಹೊತ್ತಿನಲ್ಲಿ ರೇಡಿಯೊ, ಉಚಿತ ಪಾಡ್‌ಕಾಸ್ಟ್, ಯಾವುದೋ ಉಚಿತ ವಿಡಿಯೊ ಇದ್ದರೂ ಕೆಲಸ ನಡೆಯುತ್ತಿತ್ತು. ದುಡ್ಡಿಲ್ಲದೆ ಸಿಗುವ ವಸ್ತು ತುಂಬಬಲ್ಲ ಗಂಟೆಯನ್ನು ದುಡ್ಡು ಕೊಟ್ಟ ಸೇವೆಯ ಖಾತೆಗೆ ಬರೆಯುವುದು ನ್ಯಾಯವಲ್ಲ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸೇವೆ ಅಂದು ಇಲ್ಲದಿದ್ದರೆ ಇದನ್ನೇ ನೋಡಬೇಕಿತ್ತೆಂದು ನನಗೆ ಅನ್ನಿಸುತ್ತಿತ್ತೇ? ಹೌದಾದರೆ 1, ಇಲ್ಲವಾದರೆ ಖಾಲಿ ಬಿಡಿ. ಸಂದೇಹ ಬಂದರೂ ಖಾಲಿಯೇ ಇರಲಿ.

ಹೀಗೆ ಸೋಸಿದಾಗ ಆಕೆಯ 78ರಲ್ಲಿ 30 ಗಂಟೆ ಉದುರಿ 48 ಉಳಿಯುತ್ತವೆ. ಗಂಟೆಯ ಬೆಲೆ 7.7ರಿಂದ 12.5ಕ್ಕೆ ಏರುತ್ತದೆ. ಚ ಮತ್ತು ಟ ಸೇವೆಗಳಲ್ಲಿ ಹಿನ್ನೆಲೆಯ ಓಟ ಇರಲಿಲ್ಲ. ಅವುಗಳಲ್ಲಿ 15 ಮತ್ತು 24 ಗಂಟೆ, ಬೆಲೆ 16 ಮತ್ತು 15. ಇಷ್ಟು ದೂರವಿದ್ದ ಮೂರೂ ಸೇವೆಗಳು ಈಗ ಹತ್ತಿರ ಹತ್ತಿರ ಬಂದು ನಿಂತಿವೆ.

ಇಲ್ಲಿ ಕೆಲವರಿಗೆ ಒಂದು ದುರ್ಬುದ್ಧಿ ಹುಟ್ಟುತ್ತದೆ: ಹೆಚ್ಚು ನೋಡಿದರೆ ಗಂಟೆಯ ಬೆಲೆ ಇಳಿಯುತ್ತದಲ್ಲ! ಇಳಿಯುತ್ತದೆ, ನಿಜ. ಆದರೆ ಬಿಲ್ಲು ಅಷ್ಟೇ ಬರುತ್ತದೆ. 200 ಕೊಟ್ಟು 20 ಗಂಟೆ ನೋಡಿದವನೂ 60 ಗಂಟೆ ನೋಡಿದವನೂ ಕೊಟ್ಟಿದ್ದು 200. ಗಂಟೆಯ ಬೆಲೆಯನ್ನು ಮುಂದಿನ ತಿಂಗಳು ಏನು ಕೊಳ್ಳಬೇಕೆಂದು ತೀರ್ಮಾನಿಸಲು ಬಳಸಬೇಕು. ಈ ತಿಂಗಳು ಎಷ್ಟು ನೋಡಬೇಕೆಂದು ತೀರ್ಮಾನಿಸಲು ಬಳಸಿದರೆ ಓದಿನ ಹೊತ್ತೂ ಅದರ ಬಾಯಿಗೆ ಹೋಗುತ್ತದೆ.

ಮೂರನೆಯ ಹೆಜ್ಜೆ: ಸರಾಸರಿಯನ್ನು ತಿಂಗಳುಗಳಾಗಿ ಒಡೆಯುವುದು

ಇಡೀ ವಿಧಾನದ ತಿರುಳು ಇಲ್ಲಿದೆ. ಸೋಸಿದ ಗಂಟೆಗಳನ್ನು ತಿಂಗಳುವಾರು ಬರೆಯಿರಿ. ಆಕೆಯ ಪಟ್ಟಿ ಹೀಗಿದೆ. ಎರಡನೆಯ ತಿಂಗಳಲ್ಲಿ ಪರೀಕ್ಷೆಗಳಿದ್ದವು.

| ಸೇವೆ | ಮೊದಲ ತಿಂಗಳು | ಎರಡನೆಯ ತಿಂಗಳು | ಮೂರನೆಯ ತಿಂಗಳು | ಒಟ್ಟು ಗಂಟೆ | ಒಟ್ಟು ಖರ್ಚು |
|---|---|---|---|---|---|
| ಕ | 26 | 6 | 16 | 48 | 600 |
| ಚ | 7 | 1 | 7 | 15 | 240 |
| ಟ | 3 | 1 | 20 | 24 | 360 |

ಟ ಸೇವೆಯ ಸಾಲನ್ನೇ ನೋಡಿ. ಸರಾಸರಿ 15 ಎಂದು ಹೇಳಿದ್ದೆವು. ಆದರೆ ಮೂರನೆಯ ತಿಂಗಳಲ್ಲಿ ಆಕೆ ಒಂದು ಸರಣಿಯನ್ನು ಹಿಡಿದು 20 ಗಂಟೆ ನೋಡಿದಳು, ಆ ತಿಂಗಳ ಬೆಲೆ ಗಂಟೆಗೆ 6. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಖರೀದಿ ಇಲ್ಲ. ಅದೇ ಸೇವೆಯ ಮೊದಲ ತಿಂಗಳು ಗಂಟೆಗೆ 40, ಎರಡನೆಯ ತಿಂಗಳು ಒಂದೇ ಗಂಟೆಗೆ 120. ಅತಿ ಅಗ್ಗ ಮತ್ತು ಅತಿ ದುಬಾರಿ ಎರಡೂ ಒಂದೇ ಸೇವೆಯೊಳಗಿವೆ. ಹೀಗಿರುವಾಗ ‘ಟ ಇಟ್ಟುಕೊಳ್ಳಲೇ ಬಿಡಲೇ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ತಿಂಗಳು ಕೊಳ್ಳಲಿ ಎಂಬುದು ಪ್ರಶ್ನೆ. ಕ ಸೇವೆಯೂ ಅಷ್ಟೆ. ಮೊದಲ ತಿಂಗಳಲ್ಲಿ 7.7, ಪರೀಕ್ಷೆಯ ತಿಂಗಳಲ್ಲಿ 33, ಮೂರನೆಯದರಲ್ಲಿ 12.5.

ಈಗ ಹೊಸದಾಗಿ ಹಣ ಕೊಡಬೇಕಾದ ಖರೀದಿಗಳನ್ನು ದುಬಾರಿಯಿಂದ ಅಗ್ಗದ ಕಡೆಗೆ ಜೋಡಿಸಿ, ಮೇಲಿನಿಂದ ಒಂದೊಂದಾಗಿ ತೆಗೆಯುತ್ತ ಬನ್ನಿ. ಟ ಎರಡನೆಯ ತಿಂಗಳು (120), ಟ ಮೊದಲ ತಿಂಗಳು (40), ಕ ಎರಡನೆಯ ತಿಂಗಳು (33). ಈ ಮೂರನ್ನು ತೆಗೆದರೆ ಉಳಿಯುವ ಹಣ 440, ಕಳೆದುಕೊಳ್ಳುವುದು 10 ಗಂಟೆ. ಅಂದರೆ ಆ ಹತ್ತು ಗಂಟೆಗಳಿಗಾಗಿ ಆಕೆ ಗಂಟೆಗೆ 44ರಂತೆ ಕೊಡುತ್ತಿದ್ದಳು. ಸರಾಸರಿಯ ಲೆಕ್ಕದಲ್ಲಿ ಈ 44 ಎಲ್ಲಿಯೂ ಕಾಣಿಸಲಿಲ್ಲ. ಒಟ್ಟು 1200ಕ್ಕೆ 87 ಗಂಟೆ, ಗಂಟೆಗೆ ಸುಮಾರು 14 ಎಂದು ಸಮಾಧಾನದಿಂದ ಇರಬಹುದಿತ್ತು.

ಎಲ್ಲಿಗೆ ನಿಲ್ಲಿಸಬೇಕು? ಇದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ಬಜೆಟ್. ಆಕೆ ಮೂರು ತಿಂಗಳಲ್ಲಿ ಹೊಸದಾಗಿ 350ಕ್ಕಿಂತ ಹೆಚ್ಚು ಕೊಡಲಾರಳು ಎಂದಿಟ್ಟುಕೊಳ್ಳಿ. ಮೂರು ಖರೀದಿಗಳನ್ನು ತೆಗೆದ ಮೇಲೂ ಕ ಎರಡು ತಿಂಗಳು ಮತ್ತು ಟ ಒಂದು ತಿಂಗಳು ಸೇರಿ 520 ಆಗುತ್ತದೆ. ಹಾಗಾಗಿ ಉಳಿದವುಗಳಲ್ಲಿ ದುಬಾರಿಯಾದ ಕ ಮೂರನೆಯ ತಿಂಗಳನ್ನೂ ಬಿಡಬೇಕು. ಉಳಿಯುವುದು 320. ಈ ಕಡೆಯದನ್ನು ಬಿಡುವುದು ಮೊದಲಿನ ಮೂರರಷ್ಟು ಸುಲಭವಲ್ಲ, ಏಕೆಂದರೆ ಹೋಗುವುದು 16 ಒಳ್ಳೆಯ ಗಂಟೆಗಳು. ಆದರೆ ಅವುಗಳಲ್ಲಿ ಬಹುಪಾಲು ಒಂದು ಸರಣಿಯದ್ದಾಗಿದ್ದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಸೇವೆಯೇ ನಿರ್ಮಿಸಿದ ಸರಣಿಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ; ಮುಂದೆ ಕ ಕೊಳ್ಳುವ ತಿಂಗಳಿಗೆ ಅವನ್ನು ಮುಂದೂಡಬಹುದು. ಪರವಾನಗಿಯ ಮೇಲೆ ತಂದ ಚಲನಚಿತ್ರಗಳು ಹಾಗಲ್ಲ, ಅವು ಸೇವೆಯಿಂದ ಸೇವೆಗೆ ಜಿಗಿಯುತ್ತಿರುತ್ತವೆ.

ಎರಡನೆಯ ಮಿತಿ, ಬಾಡಿಗೆಯ ಬೆಲೆ. ಹಲವು ಡಿಜಿಟಲ್ ಅಂಗಡಿಗಳಲ್ಲಿ ಒಂದು ಚಿತ್ರವನ್ನು ಒಂದು ಸಲಕ್ಕೆಂದು ಬಾಡಿಗೆಗೆ ಪಡೆಯಬಹುದು. ಎರಡು ಗಂಟೆಯ ಚಿತ್ರಕ್ಕೆ 40 ಬಾಡಿಗೆಯಾದರೆ ಗಂಟೆಗೆ 20 ಆಯಿತು. ಯಾವುದೇ ತಿಂಗಳ ಚಂದಾ ಗಂಟೆಗೆ 20ಕ್ಕಿಂತ ದುಬಾರಿಯಾಗುತ್ತಿದ್ದರೆ ಮತ್ತು ನಿಮಗೆ ಬೇಕಿದ್ದ ಚಿತ್ರ ಬಾಡಿಗೆಗೆ ಸಿಗುತ್ತಿದ್ದರೆ, ಚಂದಾ ಕೊಳ್ಳುವುದಕ್ಕೆ ಕಾರಣವೇ ಉಳಿಯಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಚಿತ್ರಗಳು ಸಿಗುತ್ತವೆಯೇ ಎಂದೂ ಒಮ್ಮೆ ವಿಚಾರಿಸಿ. ಅಲ್ಲಿ ಗಂಟೆಯ ಬೆಲೆ ಸೊನ್ನೆ.

ವರ್ಷದ ಚಂದಾ ಎಂಬ ಬೇರೆ ಜಾತಿಯ ಪ್ರಾಣಿ

ಮೇಲಿನ ಲೆಕ್ಕದಲ್ಲಿ ಚ ಸೇವೆಯನ್ನು ಬೇಕೆಂದೇ ಹೊರಗಿಟ್ಟೆ. ಅದರ 960 ಆಗಲೇ ಕೈಬಿಟ್ಟು ಹೋಗಿದೆ. ಇಂದು ಆಕೆ ಅದನ್ನು ನೋಡಿದರೂ ನೋಡದಿದ್ದರೂ ಆ ಹಣ ಹಿಂದಿರುಗುವುದಿಲ್ಲ, ಆದ್ದರಿಂದ ಅವಧಿ ಮುಗಿಯುವವರೆಗೆ ಚ ಸೇವೆಯ ಮುಂದಿನ ಪ್ರತಿ ಗಂಟೆಯೂ ಹೊಸ ಖರ್ಚಿಲ್ಲದ ಗಂಟೆ. ಇದರಿಂದ ಒಂದು ಕೆಲಸದ ಸೂತ್ರ ಹುಟ್ಟುತ್ತದೆ: ತೆಳುವಾದ ತಿಂಗಳುಗಳನ್ನು, ಪರೀಕ್ಷೆಯ ತಿಂಗಳನ್ನು ವಿಶೇಷವಾಗಿ, ಈಗಾಗಲೇ ಹಣ ಕಟ್ಟಿರುವ ಸೇವೆಯಿಂದಲೇ ತುಂಬಿಸಿ. ದಿನಕ್ಕೆ ಅರ್ಧ ಗಂಟೆಯ ಬಿಡುವಿಗೆ ಹೊಸ ಚಂದಾ ಬೇಕಿಲ್ಲ.

ನವೀಕರಣದ ದಿನ ಬಂದಾಗ ಪ್ರಶ್ನೆ ಬದಲಾಗುತ್ತದೆ. ಆಗ ನೋಡಬೇಕಾದದ್ದು ‘ತಿಂಗಳಿಗೆ ಬರೀ 80’ ಎಂಬ ಜಾಹೀರಾತಿನ ಅಂಕಿಯಲ್ಲ. ಅದೇ ಸೇವೆಯ ತಿಂಗಳ ಪ್ಲಾನ್ 120 ಎನ್ನೋಣ. 960 ಅನ್ನು 120ರಿಂದ ಭಾಗಿಸಿದರೆ 8. ವರ್ಷದಲ್ಲಿ ಎಂಟಕ್ಕಿಂತ ಹೆಚ್ಚು ತಿಂಗಳು ಅದನ್ನು ನೀವು ನಿಜಕ್ಕೂ ಕೊಳ್ಳುತ್ತಿದ್ದಿರಾದರೆ ಮಾತ್ರ ವಾರ್ಷಿಕ ಲಾಭ. ಎರಡು ಪರೀಕ್ಷೆಯ ಕಾಲ, ಪ್ರಾಜೆಕ್ಟಿನ ಗಡುವು, ಬೇರೆ ಸೇವೆಗೆ ಕೊಟ್ಟ ತಿಂಗಳುಗಳು ಇವನ್ನೆಲ್ಲ ಕಳೆದರೆ ವಿದ್ಯಾರ್ಥಿಯ ವರ್ಷದಲ್ಲಿ ಒಂದು ಸೇವೆಗೆ ಎಂಟು ತಿಂಗಳು ಉಳಿಯುವುದು ಕಷ್ಟ. ಆರು ತಿಂಗಳಷ್ಟೇ ಆದರೆ ಬಿಡಿಬಿಡಿಯಾಗಿ ಕೊಂಡರೆ 720ರಲ್ಲಿ ಮುಗಿಯುತ್ತದೆ.

ಮೊಬೈಲ್ ಅಥವಾ ಇಂಟರ್‌ನೆಟ್ ಪ್ಲಾನಿನ ಜೊತೆ ಅಂಟಿಕೊಂಡು ಬರುವ ಸೇವೆಗೆ ಬೆಲೆ ಕಟ್ಟುವುದು ಹೇಗೆ? ಆ ಸೇವೆ ಇಲ್ಲದ, ಉಳಿದೆಲ್ಲ ಒಂದೇ ಇರುವ ಪ್ಲಾನಿನ ಬೆಲೆಯನ್ನು ಕಳೆಯಿರಿ. ಉಳಿದ ವ್ಯತ್ಯಾಸವೇ ಅದರ ಬೆಲೆ. ವ್ಯತ್ಯಾಸ ಇಲ್ಲವಾದರೆ ಅದು ಉಚಿತ, ಮುಂದಿನ ವರ್ಷ ಪ್ಲಾನ್ ಬದಲಿಸುವವರೆಗೆ. ಹಂಚಿಕೊಂಡ ಖಾತೆಯಲ್ಲಿ ನೀವು ನಿಜವಾಗಿ ಕೊಡುವ ಪಾಲನ್ನೇ ಬರೆಯಿರಿ, ಎಷ್ಟು ಜನ ನೋಡುತ್ತಾರೆ ಎಂಬುದರಿಂದ ಭಾಗಿಸಬೇಡಿ. ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಖಾತೆ ಒಂದೇ ಮನೆಯವರಿಗೆ ಎಂಬ ನಿಯಮವನ್ನು ಈಗ ಬಿಗಿಮಾಡಿವೆ. ಊರು ಬಿಟ್ಟು ಹಾಸ್ಟೆಲ್ಲಿನಲ್ಲಿರುವವರು ಮನೆಯ ಖಾತೆಯನ್ನೇ ನೆಚ್ಚಿಕೊಂಡಿದ್ದರೆ ಆ ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು.

ವಿದ್ಯಾರ್ಥಿ ರಿಯಾಯಿತಿಯನ್ನು ಲೆಕ್ಕಕ್ಕೆ ತರುವಾಗ ಅದರ ಅವಧಿಯನ್ನೂ ಬರೆದಿಟ್ಟುಕೊಳ್ಳಿ. ಯೂಟ್ಯೂಬ್ ಪ್ರೀಮಿಯಂ ಮತ್ತು ಸ್ಪಾಟಿಫೈ ಎರಡೂ ವಿದ್ಯಾರ್ಥಿ ಎಂಬುದನ್ನು ಪ್ರತಿವರ್ಷ ಮತ್ತೆ ದೃಢಪಡಿಸಲು ಕೇಳುತ್ತವೆ ಮತ್ತು ಒಟ್ಟು ನಾಲ್ಕು ವರ್ಷಗಳ ಮಿತಿ ಇಟ್ಟಿವೆ. ದೃಢೀಕರಣ ತಪ್ಪಿದರೆ ಚಂದಾ ನಿಲ್ಲುವುದಿಲ್ಲ, ಪೂರ್ಣ ಬೆಲೆಗೆ ಮುಂದುವರಿಯುತ್ತದೆ.

ಜಾಹೀರಾತು ಮತ್ತು ಡೇಟಾ: ಬಿಲ್ಲಿನಲ್ಲಿ ಕಾಣದ ಎರಡು ಖರ್ಚು

ಜಾಹೀರಾತಿರುವ ಅಗ್ಗದ ಪ್ಲಾನ್ ತೆಗೆದುಕೊಳ್ಳಬೇಕೇ ಎಂಬುದಕ್ಕೂ ಗಂಟೆಯ ಲೆಕ್ಕ ಚೆನ್ನಾಗಿ ಉತ್ತರ ಕೊಡುತ್ತದೆ. ನೆಟ್‌ಫ್ಲಿಕ್ಸ್ 2022ರ ನವೆಂಬರಿನಲ್ಲಿ ಇಂಥ ಪ್ಲಾನ್ ಆರಂಭಿಸಿದಾಗ ಗಂಟೆಗೆ ಸರಾಸರಿ 4ರಿಂದ 5 ನಿಮಿಷ ಜಾಹೀರಾತು ಎಂದು ಹೇಳಿತ್ತು. ನಮ್ಮ ಕ ಸೇವೆಯಲ್ಲೂ ನಾಲ್ಕೂವರೆ ನಿಮಿಷ ಎಂದಿಟ್ಟುಕೊಳ್ಳೋಣ, ಅಗ್ಗದ ಪ್ಲಾನ್ 120. 26 ಗಂಟೆ ನೋಡುವ ತಿಂಗಳಲ್ಲಿ ಜಾಹೀರಾತು ಸುಮಾರು ಎರಡು ಗಂಟೆಯಾಗುತ್ತದೆ. ಹೆಚ್ಚಿನ 80 ಕೊಟ್ಟರೆ ಆ ಎರಡು ಗಂಟೆ ತಪ್ಪುತ್ತದೆ, ಅಂದರೆ ಜಾಹೀರಾತಿನಿಂದ ಬಿಡುಗಡೆಗೆ ಗಂಟೆಗೆ 40. 6 ಗಂಟೆ ನೋಡುವ ತಿಂಗಳಲ್ಲಿ ತಪ್ಪುವುದು ಅರ್ಧ ಗಂಟೆಗೂ ಕಡಿಮೆ. ಬಿಡುಗಡೆಯ ಬೆಲೆ ಗಂಟೆಗೆ 180ರ ಹತ್ತಿರ ಹೋಗುತ್ತದೆ. ಕಡಿಮೆ ನೋಡುವವರು ಜಾಹೀರಾತಿಲ್ಲದ ಪ್ಲಾನಿಗೆ ಹಣ ಕೊಡುವುದು ನನ್ನ ಮಟ್ಟಿಗೆ ಶುದ್ಧ ದುಂದು. ಬಿಡುವಿನ ವೇಳೆ ಅರೆಕಾಲಿಕ ಕೆಲಸ ಮಾಡುವವರು ಆ 40 ಅನ್ನು ತಮ್ಮ ಒಂದು ಗಂಟೆಯ ಸಂಬಳದ ಪಕ್ಕದಲ್ಲಿಟ್ಟು ನೋಡಲಿ. ಅಗ್ಗದ ಪ್ಲಾನಿನಲ್ಲಿ ನಿಮಗೆ ಬೇಕಾದ ಕೃತಿ ಇದೆಯೇ ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ, ಪರವಾನಗಿಯ ಕಾರಣಕ್ಕೆ ಕೆಲವು ಅಲ್ಲಿ ಇರುವುದಿಲ್ಲ.

ಡೇಟಾಕ್ಕೆ ಬಳಸಿದಷ್ಟು ಹಣ ಕಟ್ಟುವವರಿಗೆ ಚಂದಾಕ್ಕಿಂತ ಡೇಟಾವೇ ದುಬಾರಿಯಾಗಬಹುದು. ನೆಟ್‌ಫ್ಲಿಕ್ಸ್ ಕೊಡುವ ಅಂಕಿಗಳಂತೆ ಅತಿ ಕಡಿಮೆ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 0.3 ಜಿ.ಬಿ., ಮಧ್ಯಮದಲ್ಲಿ 0.7 ಜಿ.ಬಿ., ಎಚ್.ಡಿ.ಯಲ್ಲಿ 3 ಜಿ.ಬಿ.ವರೆಗೆ ಬೇಕು. ಒಂದು ಜಿ.ಬಿ.ಗೆ 5 ಕೊಡುವವನಿಗೆ ಎಚ್.ಡಿ.ಯ ಒಂದು ಗಂಟೆಗೆ ಡೇಟಾವೇ 15. ಟ ಸೇವೆಯ ಅತ್ಯುತ್ತಮ ತಿಂಗಳಿನ ಗಂಟೆಯ ಬೆಲೆ 6 ಎಂದು ಹಿಗ್ಗಿದ್ದೆವಲ್ಲ, ಎಚ್.ಡಿ.ಯಲ್ಲಿ ನೋಡಿದರೆ ಅದು ನಿಜದಲ್ಲಿ 21. ಮಧ್ಯಮ ಗುಣಮಟ್ಟದಲ್ಲಿ 9.5. ಸಣ್ಣ ಪರದೆಯ ಮೇಲೆ ಈ ಎರಡರ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಲೇಜಿನ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಂಡು ನೋಡಿದರೆ ಈ ಸಾಲನ್ನೇ ಅಳಿಸಬಹುದು. ತಿಂಗಳಿಗೆ ನಿಗದಿತ ಹಣ ಕಟ್ಟಿ, ಮಿತಿ ಎಂದೂ ಮುಗಿಯದವರಿಗೆ ಈ ಪರಿಚ್ಛೇದ ಅನ್ವಯಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮುಂದಿನ ತಿಂಗಳನ್ನು ಕೊಳ್ಳುವ ಮುನ್ನ

ಕಳೆದ ಮೂರು ತಿಂಗಳ ಲೆಕ್ಕ ಮುಂದಿನ ತಿಂಗಳ ಬಗ್ಗೆ ಭರವಸೆ ಕೊಡುವುದಿಲ್ಲ. ಟ ಸೇವೆಯ ಆ 20 ಗಂಟೆಯ ಸರಣಿ ಮುಗಿದುಹೋಗಿದೆ. ಮುಂದಿನ ತಿಂಗಳು ಅಲ್ಲಿ ಏನಿದೆ? ಆದ್ದರಿಂದ ಕೊಳ್ಳುವ ಮುನ್ನ ಆ ಸೇವೆಯಲ್ಲಿ ನೋಡಬೇಕೆಂದಿರುವ ಶೀರ್ಷಿಕೆಗಳನ್ನು ಅವಧಿಯ ಸಮೇತ ಬರೆಯಿರಿ. ಒಟ್ಟು 30 ಗಂಟೆ ಬಂತು ಎನ್ನೋಣ. ಪಟ್ಟಿ ಬರೆಯುವ ಉತ್ಸಾಹದಲ್ಲಿ ಎಲ್ಲರೂ ಶೂರರೇ, ಹಾಗಾಗಿ ಅದನ್ನು ಹಾಗೆಯೇ ನಂಬಬೇಡಿ. ಹಿಂದೆ ಇಂಥ ಪಟ್ಟಿಯಲ್ಲಿ ನಿಜವಾಗಿ ಎಷ್ಟು ಪಾಲು ನೋಡಿದ್ದೀರಿ ಎಂಬುದನ್ನು ದಾಖಲೆಯಿಂದ ತೆಗೆದು ಗುಣಿಸಿ. ಶೇ 60 ಎಂದಾದರೆ 18 ಗಂಟೆ, ಟ ಸೇವೆಗೆ ಗಂಟೆಗೆ 6.7. ಕೊಳ್ಳಬಹುದು. ಪಟ್ಟಿ 8 ಗಂಟೆಗೆ ನಿಂತರೆ ನಿರೀಕ್ಷಿತ ಗಂಟೆ ಐದೂ ದಾಟುವುದಿಲ್ಲ, ಬೆಲೆ 25ಕ್ಕೆ ಏರುತ್ತದೆ. ಆಗ ಕಾಯಿರಿ, ಪಟ್ಟಿ ಬೆಳೆಯಲಿ. ವಾರಕ್ಕೊಂದು ಕಂತು ಬರುವ ಸರಣಿಯಾದರೆ ಕೊನೆಯ ಕಂತು ಬಂದ ಮೇಲೆ ಕೊಳ್ಳುವುದು ಲೇಸು, ಎಂಟು ಕಂತುಗಳಿಗೆ ಎರಡು ತಿಂಗಳ ಬದಲು ಒಂದೇ ತಿಂಗಳು ಸಾಕಾಗುತ್ತದೆ. ಗೆಳೆಯರೆಲ್ಲ ಪ್ರತಿವಾರ ಅದರ ಬಗ್ಗೆಯೇ ಮಾತನಾಡುತ್ತಿದ್ದರೆ ಈ ಸಲಹೆ ಪಾಲಿಸುವುದು ಕಷ್ಟ, ಒಪ್ಪುತ್ತೇನೆ. ಆ ಮಾತುಕತೆಯಲ್ಲಿ ಸೇರಲು ಹೆಚ್ಚಿನ ಒಂದು ತಿಂಗಳ ಹಣ ಕೊಡಬಹುದೇ ಎಂಬುದನ್ನು ನೀವೇ ನಿರ್ಧರಿಸಬೇಕು.

ಹೀಗೆ ನಮ್ಮ ವಿದ್ಯಾರ್ಥಿನಿಯ ಮುಂದಿನ ಮೂರು ತಿಂಗಳ ಯೋಜನೆ ಮೊದಲ ತಿಂಗಳಿಗೆ ಕ, ಪರೀಕ್ಷೆಯ ತಿಂಗಳಿಗೆ ಹೊಸದೇನೂ ಇಲ್ಲ, ಮೂರನೆಯದಕ್ಕೆ ಪಟ್ಟಿ ತುಂಬಿದ್ದರೆ ಟ ಎಂದಾಗುತ್ತದೆ. ಚ ಮೂರೂ ತಿಂಗಳು ಜೊತೆಗಿರುತ್ತದೆ. ಅದರ 240ರ ಪಾಲನ್ನೂ ಸೇರಿಸಿದರೆ ಒಟ್ಟು 560, ಹಿಂದಿನ ಗತಿಯಲ್ಲೇ ನೋಡಿದರೆ 61 ಗಂಟೆ, ಗಂಟೆಗೆ 9.2. ಮೊದಲು 14 ಇತ್ತು. ಆದರೆ ಆಕೆಯ ಕೈಗೆ ನಿಜವಾಗಿ ಸಿಗುವುದು ಉಳಿತಾಯವಾದ 640, ಈ 9.2 ಅಲ್ಲ.

ರದ್ದು ಮಾಡುವ ಕೆಲಸ

ಈ ಯೋಜನೆಯನ್ನು ಹಾಳುಮಾಡುವುದು ಒಂದೇ, ತಾನಾಗಿ ಆಗುವ ನವೀಕರಣ. ತಿಂಗಳ ಚಂದಾ ಕೊಂಡ ದಿನವೇ ರದ್ದು ಮಾಡಿಬಿಡಿ. ಹೆಚ್ಚಿನ ಸೇವೆಗಳಲ್ಲಿ ರದ್ದು ಮಾಡಿದರೂ ಹಣ ಕಟ್ಟಿದ ಅವಧಿ ಮುಗಿಯುವವರೆಗೆ ನೋಡಬಹುದು. ರದ್ದಾದ ಕೂಡಲೇ ಪರದೆಯ ಮೇಲೆ ಇಂಥ ದಿನದವರೆಗೆ ಲಭ್ಯ ಎಂದು ತೋರಿಸುತ್ತದೆ, ಅದನ್ನು ಓದಿ ಖಚಿತಪಡಿಸಿಕೊಳ್ಳಿ. ಉಚಿತ ಪ್ರಯೋಗದ ಅವಧಿ ಇದಕ್ಕೆ ಹೊರತು. ಕೆಲವೆಡೆ ಪ್ರಯೋಗದ ನಡುವೆ ರದ್ದು ಮಾಡಿದರೆ ಆ ಕ್ಷಣವೇ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಅಲ್ಲಿ ಮುಗಿಯುವ ದಿನಕ್ಕೆ ಎರಡು ದಿನ ಮೊದಲು ಮೊಬೈಲಿನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳುವುದು ಸರಿಯಾದ ದಾರಿ.

ಮೊಬೈಲಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಹಣ ಎಲ್ಲಿ ಕಟ್ಟಿದಿರೋ ಅಲ್ಲಿಯೇ ರದ್ದು ಮಾಡಬೇಕು: ಸೇವೆಯ ಜಾಲತಾಣದಲ್ಲಿ ಕಟ್ಟಿದ್ದರೆ ಅದರ ಖಾತೆಯ ಪುಟದಲ್ಲಿ, ಮೊಬೈಲಿನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಆ ಸ್ಟೋರಿನ ಚಂದಾಗಳ ಪಟ್ಟಿಯಲ್ಲಿ, ದೂರವಾಣಿ ಕಂಪನಿಯ ಬಿಲ್ಲಿನಲ್ಲಿ ಸೇರಿ ಬರುತ್ತಿದ್ದರೆ ಆ ಕಂಪನಿಯ ಬಳಿ. ಎಲ್ಲಿ ಕಟ್ಟಿದ್ದೀರೆಂದು ನೆನಪಿಲ್ಲದಿದ್ದರೆ ಬ್ಯಾಂಕ್ ಖಾತೆಯ ವಿವರದಲ್ಲಿ ಆ ಮೊತ್ತ ಯಾರ ಹೆಸರಿಗೆ ಹೋಗಿದೆ ನೋಡಿ. ಬೇರೆ ಕೆಲಸಕ್ಕೆಂದು ಆ ವಿವರ ತೆರೆದಾಗಲೂ ಸಣ್ಣ ಮೊತ್ತಗಳ ಸಾಲುಗಳನ್ನು ಒಮ್ಮೆ ಓದಿ. ಪಟ್ಟಿಯಲ್ಲಿ ಸೇರದೆ ಉಳಿದ ನಾಲ್ಕನೆಯ ಚಂದಾ ಅಲ್ಲಿ ಸಿಕ್ಕರೆ ಅದನ್ನು ಕೋಷ್ಟಕಕ್ಕೆ ಸೇರಿಸಿ, ಗಂಟೆಗಳ ಜಾಗದಲ್ಲಿ ಸೊನ್ನೆ ಬರೆಯಿರಿ. ಅದಕ್ಕೆ ಭಾಗಾಕಾರದ ಅಗತ್ಯವಿಲ್ಲ.